ಗ್ರೀನ್ ಮ್ಯಾಟ್ ಮತ್ತು ಮಣ್ಣಿನ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ನಾವು ಐದಾರು ಗೆಳೆಯರು ಸೇರಿ ಒಂದು ಕಿರುಚಿತ್ರ ಮಾಡಿದೆವು. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಒಂದು ಕುಟುಂಬದ ಕಥೆ. ಕೊನೆಯ ದೃಶ್ಯದಲ್ಲಿ ಅಜ್ಜಿಯೊಬ್ಬರು ನಿಂತಿರುತ್ತಾರೆ. ಅವರ ಹಿಂದೆ ಹಳೆಯ ಮಣ್ಣಿನ ಮನೆಗೆ ನೀರು ಏರುತ್ತದೆ, ಒಂದು ಗೋಡೆ ಕುಸಿಯುತ್ತದೆ. ಹದಿನಾಲ್ಕು ಸೆಕೆಂಡಿನ ಶಾಟ್ ಅದು. ಚಿತ್ರ ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಈ ಶಾಟ್ ಬಗ್ಗೆಯೇ. ವಿಜಯಪುರ, ಬೆಳಗಾವಿ ಕಡೆಯಿಂದಲೂ ಕಿರುಚಿತ್ರ ಮಾಡುವ ಹುಡುಗರು ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಆ ಮನೆ ನಿಜವಾದದ್ದಾ, ಕಂಪ್ಯೂಟರಿನದ್ದಾ?

ಎರಡೂ ಅಲ್ಲ. ಅದು ಎರಡೂವರೆ ಅಡಿ ಎತ್ತರದ ಮಾದರಿ ಮನೆ. ನಿಜವಾದ ಮಣ್ಣಿನಿಂದ ಕಟ್ಟಿ, ನಿಜವಾದ ನೀರಿನಲ್ಲಿ ಮುಳುಗಿಸಿದ್ದು. ಅಜ್ಜಿಯನ್ನು ಬೇರೆ ದಿನ, ಒಂದು ಮಂಗಲ ಕಾರ್ಯಾಲಯದ ಹಾಲ್‌ನಲ್ಲಿ ಗ್ರೀನ್ ಮ್ಯಾಟ್ ಅಂದರೆ ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿದೆವು. ಕಂಪ್ಯೂಟರ್ ಮಾಡಿದ ಕೆಲಸ ಎರಡನ್ನೂ ಜೋಡಿಸಿದ್ದು ಮಾತ್ರ.

ಹಸಿರು ಬಟ್ಟೆ ಮಾಯ ಆಗುವುದು ಹೇಗೆ?

ಸಾಫ್ಟ್‌ವೇರ್ ಹಸಿರನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಪಿಕ್ಸೆಲ್‌ನಲ್ಲೂ ಎಷ್ಟು ಪಾಲು ಬಟ್ಟೆ, ಎಷ್ಟು ಪಾಲು ಮನುಷ್ಯ ಅಂತ ಅದು ಲೆಕ್ಕ ಹಾಕುತ್ತದೆ. ಕೂದಲಿನ ಎಳೆ ಒಂದು ಪಿಕ್ಸೆಲ್‌ಗಿಂತ ಸಣ್ಣದು. ಹಾಗಾಗಿ ಅಲ್ಲಿ ಅರ್ಧ ಕೂದಲು, ಅರ್ಧ ಬಟ್ಟೆ ಬೆರೆತಿರುತ್ತದೆ. ಬೆರೆತದ್ದನ್ನು ಬಿಡಿಸುವುದೇ ಕೀಯಿಂಗ್.

ನಮ್ಮ ಶಾಟ್‌ನದೇ ಲೆಕ್ಕ ಹೇಳುತ್ತೇನೆ. ಬರೀ ಬಟ್ಟೆ ಇದ್ದ ಜಾಗದಲ್ಲಿ, ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ, ಕೆಂಪು 40, ಹಸಿರು 180, ನೀಲಿ 50 ಇತ್ತು. ಹಸಿರು ಉಳಿದೆರಡರಲ್ಲಿ ದೊಡ್ಡದಕ್ಕಿಂತ 130 ಜಾಸ್ತಿ. ಈ 130 ಅಂದರೆ ಪೂರ್ತಿ ಬಟ್ಟೆ ಅಂತ ಹಿಡಿಯಿರಿ. ಚರ್ಮ, ಬಿಳಿ ಕೂದಲು, ಕೆಂಪು ಸೀರೆ ಇವುಗಳಲ್ಲಿ ಹಸಿರು ಹೀಗೆ ಮುಂದೆ ಇರುವುದೇ ಇಲ್ಲ, ಅಲ್ಲಿ ಸೊನ್ನೆ ಬರುತ್ತದೆ. R ಕೆಂಪು, G ಹಸಿರು, B ನೀಲಿ ಅಂತ ಇಟ್ಟುಕೊಂಡರೆ ಸೂತ್ರ ಇಷ್ಟೇ:

```
ಬಟ್ಟೆಯ ಪಾಲು = max(0, G - max(R, B)) / 130
```

ಅಜ್ಜಿಯ ಬಿಳಿ ಕೂದಲಿನ ಅಂಚಿನಲ್ಲಿ ಒಂದು ಪಿಕ್ಸೆಲ್ ಕೆಂಪು 115, ಹಸಿರು 183, ನೀಲಿ 115 ಇತ್ತು. 183ರಲ್ಲಿ 115 ಕಳೆದರೆ 68. ಅದನ್ನು 130ರಿಂದ ಭಾಗಿಸಿದರೆ 0.52. ಅಂದರೆ ಆ ಪಿಕ್ಸೆಲ್‌ನಲ್ಲಿ ಸುಮಾರು ಅರ್ಧ ಬಟ್ಟೆ. ಬಟ್ಟೆಯ ಬಣ್ಣದ 0.52 ಪಾಲನ್ನು ಕಳೆದಾಗ ಉಳಿಯುವುದು 94, 89, 89. ಅದು ಬೂದು ಬಿಳುಪು, ಅಂದರೆ ಕೂದಲಿನ ಪಾಲು. ಕಳೆದ ಜಾಗಕ್ಕೆ ಹಿನ್ನೀರಿನ ಬಣ್ಣದ 0.52 ಪಾಲು ಸೇರಿಸಿದರೆ ಕೂದಲ ಎಳೆಯ ಸಂದಿಯಲ್ಲಿ ನೀರು ಕಾಣುತ್ತದೆ. ಡಾವಿಂಚಿ ರಿಸಾಲ್ವ್‌ನ `Delta Keyer` ಆಗಲಿ, ಬ್ಲೆಂಡರ್‌ನ `Keying` ಆಗಲಿ, ತಳದಲ್ಲಿ ಇಂಥದ್ದೇ ಲೆಕ್ಕ ಮಾಡುತ್ತವೆ. ಹಸಿರು ಉಳಿದ ಬಣ್ಣಗಳಿಗಿಂತ ಎಷ್ಟು ಮುಂದಿದೆ ಅಂತ ಅಳೆಯುವ ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಪೆಟ್ರೋ ವ್ಲಾಹೋಸ್ ಎನ್ನುವವರು 1950ರ ದಶಕದ ಕೊನೆಗೆ ಇದನ್ನು ನೀಲಿ ಪರದೆಗೆ, ಫಿಲ್ಮ್ ರೀಲಿನ ಮೇಲೆಯೇ ಮಾಡಿ ತೋರಿಸಿದ್ದರು.

ಹಸಿರೇ ಯಾಕೆ ಬೇಕು? ಕೆಂಪು ಆಗಲ್ವಾ?

ಕೆಂಪು ನಮ್ಮ ಚರ್ಮದಲ್ಲೇ ಇದೆ, ಮುಖವೇ ತೂತು ಬೀಳುತ್ತದೆ. ನೀಲಿ ಆಗುತ್ತದೆ. ಆದರೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ನಲ್ಲಿ ಹಸಿರು ಹಿಡಿಯುವ ಕಣ್ಣುಗಳು ಕೆಂಪು, ನೀಲಿಗಿಂತ ಎರಡು ಪಟ್ಟು ಇರುತ್ತವೆ. ಹಾಗಾಗಿ ಹಸಿರು ಸ್ವಚ್ಛವಾಗಿ ಬರುತ್ತದೆ, ಕಡಿಮೆ ಬೆಳಕಿನಲ್ಲೂ ನಡೆಯುತ್ತದೆ. ನೀಲಿಯಲ್ಲಿ ಕಾಳು ಕಾಳು ಜಾಸ್ತಿ.

ನಮ್ಮ ಕಡೆ ಹೆಂಗಸರ ಕೈಯಲ್ಲಿ ಹಸಿರು ಬಳೆ ಇದ್ದೇ ಇರುತ್ತೆ. ಆಗ ಏನು ಮಾಡೋದು?

ನಾವು ಎಡವಿದ್ದು ಇಲ್ಲೇ. ಮೊದಲ ಪರೀಕ್ಷೆಯಲ್ಲಿ ಅಜ್ಜಿಯ ಬಳೆಗಳ ಒಳಗಿಂದ ಹಿನ್ನೀರು ಕಾಣುತ್ತಿತ್ತು. ಬಳೆಯ ಬಣ್ಣ 30, 110, 40. ಮೇಲಿನ ಸೂತ್ರಕ್ಕೆ ಹಾಕಿ ನೋಡಿ: 110ರಲ್ಲಿ 40 ಕಳೆದರೆ 70, ಭಾಗಿಸಿದರೆ 0.54. ಅರ್ಧಕ್ಕಿಂತ ಹೆಚ್ಚು ಬಟ್ಟೆ ಅಂತ ಕಂಪ್ಯೂಟರ್ ತಿಳಿಯಿತು. ಅದರ ತಪ್ಪಲ್ಲ, ಅದಕ್ಕೆ ಗೊತ್ತಿರುವುದು ಅಷ್ಟೇ.

ಬಳೆ ತೆಗೆಯಲು ಆಗುತ್ತಾ ಅಂತ ಕೇಳಿದೆ. "ಗಂಡ ಗಟ್ಟಿ ಅದಾನ, ಹಸಿರು ಬಳಿ ತಗಿ ಅಂದ್ರ ಹ್ಯಾಂಗೋ ತಮ್ಮಾ?" ಅಂದರು. ಅವರು ಹೇಳಿದ್ದು ಸರಿ, ಆ ಪಾತ್ರದ ಕೈಯಲ್ಲೂ ಬಳೆ ಇರಲೇಬೇಕಿತ್ತು. ಆಮೇಲೆ ಅವರಿಗೆ ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡು ನಿಲ್ಲಲು ಹೇಳಿದೆವು. ಈಗ ಬಳೆಯ ಹಿಂದೆ ಇರುವುದು ಸೀರೆ, ಹಸಿರು ಬಟ್ಟೆಯಲ್ಲ. ಬಳೆಯ ಸುತ್ತ ಕೈಯಿಂದ ಒಂದು ಮಾಸ್ಕ್ ಬರೆದು "ಇಲ್ಲಿ ಏನನ್ನೂ ತೆಗೆಯಬೇಡ" ಅಂತ ಹೇಳಿದರೆ ಆಯಿತು. ಅಂಚು ನಾಜೂಕಾಗಿರಬೇಕಾದ ಅಗತ್ಯವೂ ಇಲ್ಲ.

ಒಂದು ಮಾತು ಮರೆಯಬೇಡಿ. ಅದೇ ಮಾಸ್ಕ್ ಅನ್ನು ಡಿಸ್ಪಿಲ್‌ಗೂ ಹಾಕಬೇಕು. ಬಟ್ಟೆಯಿಂದ ಮೈಮೇಲೆ ಬಿದ್ದ ಹಸಿರು ಛಾಯೆಯನ್ನು ತೆಗೆಯುವುದು ಡಿಸ್ಪಿಲ್. ಹಸಿರು ಉಳಿದೆರಡರಲ್ಲಿ ದೊಡ್ಡದನ್ನು ಮೀರದ ಹಾಗೆ ಅದು ಕಡಿವಾಣ ಹಾಕುತ್ತದೆ. ಮಾಸ್ಕ್ ಇಲ್ಲದಿದ್ದರೆ ಬಳೆಯ 30, 110, 40 ಎನ್ನುವುದು 30, 40, 40 ಆಗುತ್ತದೆ. ಹಸಿರು ಬಳೆ ಹೋಗಿ ಕಪ್ಪು ಬಳೆ ಬರುತ್ತದೆ. ಸೀರೆಯೇ ಹಸಿರಾಗಿದ್ದರೆ ಈ ಉಪಾಯ ಸಾಲದು, ನೀಲಿ ಬಟ್ಟೆ ಕಟ್ಟಿ. ನಮ್ಮ ಅಜ್ಜಿ ಉಟ್ಟಿದ್ದು ಕೆಂಪು ಇಳಕಲ್ ಸೀರೆ, ತೊಟ್ಟಿದ್ದು ಗುಳೇದಗುಡ್ಡದ ಖಣದ ಕುಪ್ಪಸ. ಹಾಗಾಗಿ ಬಳೆ ಒಂದನ್ನೇ ನೋಡಿಕೊಂಡರೆ ಸಾಕಾಯಿತು.

ಬಟ್ಟೆಯಿಂದ ಎಷ್ಟು ದೂರ ನಿಲ್ಲಿಸಬೇಕು?

ಕಡಿಮೆ ಅಂದರೂ ಆರರಿಂದ ಎಂಟು ಅಡಿ. ನಾವು ಮಂಗಲ ಕಾರ್ಯಾಲಯ ಹಿಡಿದದ್ದೇ ಇದಕ್ಕೆ, ಮನೆಯ ಕೋಣೆಯಲ್ಲಿ ಆ ಜಾಗ ಸಿಗುವುದಿಲ್ಲ. ಹತ್ತಿರ ನಿಂತರೆ ಎರಡು ತೊಂದರೆ. ಬಟ್ಟೆಯ ಹಸಿರು ಬೆಳಕು ಕಿವಿ, ಭುಜ, ಬಿಳಿ ಕೂದಲ ಮೇಲೆ ಬೀಳುತ್ತದೆ. ಮನುಷ್ಯರ ನೆರಳು ಬಟ್ಟೆಯ ಮೇಲೆ ಬೀಳುತ್ತದೆ. ನೆರಳು ಬಿದ್ದ ಕಡೆ ನಮ್ಮ 130 ಹೋಗಿ 80 ಆಗುತ್ತದೆ, ಲೆಕ್ಕ ಅಲ್ಲೇ ಕೆಡುತ್ತದೆ.

ಅದಕ್ಕೇ ಬಟ್ಟೆಗೆ ಬೇರೆ ದೀಪ, ಮನುಷ್ಯರಿಗೆ ಬೇರೆ ದೀಪ. ಬಟ್ಟೆಯ ದೀಪ ಪ್ರಖರವಾಗಿ ಇರಬೇಕಾಗಿಲ್ಲ, ಮೂಲೆಯಿಂದ ಮೂಲೆಗೆ ಒಂದೇ ಸಮ ಇರಬೇಕು. ರಿಸಾಲ್ವ್‌ನ `Waveform` ತೆರೆದು ಬರೀ ಬಟ್ಟೆಯ ಒಂದು ಫ್ರೇಮ್ ನೋಡಿ. ಹಸಿರು ಗೆರೆ ತೆಳ್ಳಗೆ, ಮಟ್ಟಸವಾಗಿ ಇದ್ದರೆ ಸರಿ. ದಪ್ಪ ಪಟ್ಟಿಯಾಗಿದ್ದರೆ ಬಟ್ಟೆಯಲ್ಲಿ ಸುಕ್ಕು ಇದೆ. ಒಂದು ಕಡೆ ಇಳಿದಿದ್ದರೆ ಆ ಕಡೆ ದೀಪ ಸಾಲದು.

ಅಂಚು ಹಲ್ಲು ಹಲ್ಲಾಗಿ ಬರುತ್ತೆ. ಸಾಫ್ಟ್‌ವೇರ್ ಸರಿಯಿಲ್ವಾ?

ಹೆಚ್ಚಾಗಿ ತಪ್ಪು ರೆಕಾರ್ಡಿಂಗ್‌ನದು. ಮೊಬೈಲ್ ಮತ್ತು ಕಡಿಮೆ ಬೆಲೆಯ ಕ್ಯಾಮೆರಾಗಳು ಜಾಗ ಉಳಿಸಲು 4:2:0 ಎನ್ನುವ ವಿಧಾನದಲ್ಲಿ ಬರೆಯುತ್ತವೆ. ಬೆಳಕು-ಕತ್ತಲು 1920 × 1080ರಲ್ಲಿ ಪೂರ್ತಿ ಇರುತ್ತದೆ. ಬಣ್ಣ ಮಾತ್ರ 960 × 540ರಲ್ಲಿ ಇರುತ್ತದೆ. ನಮ್ಮ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಆದರೆ ಕೀಯಿಂಗ್ ನಡೆಯುವುದೇ ಬಣ್ಣದ ಮೇಲೆ, ಅಲ್ವಾ? ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ ಸಿಕ್ಕರೆ ಅಂಚು ಮೆಟ್ಟಿಲಾಗುತ್ತದೆ. ಬಣ್ಣವನ್ನು ಇದಕ್ಕಿಂತ ಹೆಚ್ಚು ಉಳಿಸುವ 4:2:2 ಕ್ಯಾಮೆರಾದಲ್ಲಿ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ 4ಕೆಯಲ್ಲಿ ತೆಗೆದು ಕೀ ಮಾಡಿ, ಕೊನೆಗೆ 1920ಕ್ಕೆ ಇಳಿಸಿ. ನಾವು ಮಾಡಿದ್ದು ಹಾಗೆಯೇ.

ಅಂಚು ಚೆನ್ನಾಗಿದ್ದರೂ ಅಂಟಿಸಿದ ಹಾಗೆ ಕಾಣುತ್ತೆ. ಯಾಕೆ?

ಬೆಳಕು ಮತ್ತು ಕ್ಯಾಮೆರಾ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರುತ್ತದೆ. ಅದಕ್ಕೇ ಹಿನ್ನೆಲೆಯನ್ನು ಮೊದಲು ಚಿತ್ರೀಕರಿಸಿ, ಮನುಷ್ಯರನ್ನು ಆಮೇಲೆ. ಹಿನ್ನೆಲೆಯಲ್ಲಿ ಸೂರ್ಯ ಎಲ್ಲಿದ್ದಾನೋ ನೋಡಿಕೊಂಡು ದೀಪ ಇಡಬಹುದು.

ನಮ್ಮ ಮಾದರಿ ಮನೆಗೆ ಬಿಸಿಲು ಎಡಗಡೆ ಹಿಂದಿನಿಂದ ಬೀಳುತ್ತಿತ್ತು. ಕಾರ್ಯಾಲಯದಲ್ಲೂ ಅದೇ ಕಡೆ ಒಂದು ಗಡುಸು ದೀಪ ಇಟ್ಟೆವು, ಅದರ ಮುಂದೆ ಬಿಳಿ ಬಟ್ಟೆ ಹಾಕಲಿಲ್ಲ. ಬಿಸಿಲಿನ ನೆರಳಿಗೆ ಅಂಚು ಇರುತ್ತದೆ, ಮೆತ್ತನೆಯ ಬೆಳಕು ಹಾಕಿದರೆ ಮೋಸ ತಿಳಿಯುತ್ತದೆ. ಮಣ್ಣಿನ ಮನೆಯ ಮುಂದೆ ನಿಂತವರ ಕೆನ್ನೆಗೆ ಮಣ್ಣಿನ ಬಣ್ಣ ತುಸು ತಾಕಬೇಕು. ಅದಕ್ಕೆ ಬಲಗಡೆ ಇಟ್ಟಿಗೆ ಬಣ್ಣದ ಹಳೆಯ ಚಾದರ ಹಿಡಿದೆವು. ನೀರಿನ ಹೊಳಪು ಬೇಕಿತ್ತು. ಒಂದು ಪರಾತದಲ್ಲಿ ನೀರು ಹಾಕಿ, ತಳದಲ್ಲಿ ಒಡೆದ ಕನ್ನಡಿಯ ಚೂರು ಇಟ್ಟು, ದೀಪ ಬಿಟ್ಟು, ಬೆರಳಿನಿಂದ ನೀರು ಕದಲಿಸಿದೆವು. ಸೀರೆಯ ಮೇಲೆ ಬೆಳಕು ಅಲೆಯಾಡಿತು. ಆ ಶಾಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಕ್ಯಾಮೆರಾದ ಲೆಕ್ಕ ಸುಲಭ. ಮನೆ ನಿಜದ ನಾಲ್ಕನೇ ಒಂದು ಭಾಗ. ಅಜ್ಜಿಯಿಂದ ಕ್ಯಾಮೆರಾ ಹನ್ನೆರಡು ಅಡಿ ದೂರ, ನಾಲ್ಕು ಅಡಿ ಎತ್ತರ. ಕಥೆಯಲ್ಲಿ ಮನೆ ಅಜ್ಜಿಗಿಂತ ಎಂಟು ಅಡಿ ಹಿಂದೆ, ಅಂದರೆ ಇಪ್ಪತ್ತು ಅಡಿ. ಮಾದರಿಗೆ ಅದು ಐದು ಅಡಿ ದೂರ, ಒಂದು ಅಡಿ ಎತ್ತರ. ಲೆನ್ಸ್ ಅದೇ, ಅದರ ಓರೆಯೂ ಅದೇ. ಎತ್ತರ ತಪ್ಪಿದರೆ ಮನೆ ಆಟಿಕೆಯಾಗುತ್ತದೆ. ಪಾದ ತೋರಿಸಲೇ ಇಲ್ಲ, ಮೊಳಕಾಲಿನಿಂದ ಮೇಲೆ ಮಾತ್ರ. ಪಾದ ನೆಲಕ್ಕೆ ತಾಗುವ ಕಡೆಯ ನೆರಳು ಹೊಂದಿಸುವುದು ತುಂಬಾ ಕಷ್ಟ, ನಮ್ಮ ಕಥೆಗೆ ಅದು ಬೇಕಾಗಿಯೂ ಇರಲಿಲ್ಲ.

ಮನೆಯನ್ನೂ ಕಂಪ್ಯೂಟರ್‌ನಲ್ಲೇ ಮಾಡಬಹುದಿತ್ತಲ್ಲ?

ಮಾಡಿ ನೋಡಿದೆವು. ಗೆಳೆಯನೊಬ್ಬ ಬ್ಲೆಂಡರ್‌ನಲ್ಲಿ ಮೂರು ವಾರ ಕೂತು ಮಾಡಿದ. ಗೋಡೆ ಚೆನ್ನಾಗಿತ್ತು. ಆದರೆ ಒದ್ದೆಯಾದ ಮಣ್ಣು ಕುಸಿಯುವುದು ಬರಲಿಲ್ಲ. ಒಣ ಮಣ್ಣು ನೀರು ಕುಡಿದಾಗ ಮೊದಲು ಬಣ್ಣ ಕಪ್ಪಾಗುತ್ತದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ. ತಳದಲ್ಲಿ ಪದರ ಪದರವಾಗಿ ಕಳಚುತ್ತದೆ, ನೀರು ರಾಡಿಯಾಗುತ್ತದೆ, ಆಮೇಲೆ ಭಾರ ತಡೆಯಲಾರದೆ ಮೇಲಿನದು ಕೂರುತ್ತದೆ. ಇದನ್ನೆಲ್ಲ ಕಂಪ್ಯೂಟರಿಗೆ ಒಂದೊಂದಾಗಿ ಹೇಳಿಕೊಡಬೇಕು. ಮಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊಲದಲ್ಲಿ ಗುಂಡಿ ತೋಡಿ ತಾಡಪತ್ರಿ ಹಾಸಿದೆವು. ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಸೋಸಿದೆವು, ಯಾಕೆಂದರೆ ಒಂದು ಹರಳು ಉಳಿದರೂ ಪರದೆಯ ಮೇಲೆ ಅದು ನಾಲ್ಕು ಪಟ್ಟು ದೊಡ್ಡ ಕಲ್ಲು. ಬರೀ ಎರೆ ಮಣ್ಣು ಒಣಗಿದರೆ ಸೀಳುತ್ತದೆ, ಹಾಗಾಗಿ ಮರಳು ಬೆರೆಸಿ ಸಣ್ಣ ಇಟ್ಟಿಗೆ ಮಾಡಿದೆವು. ಮಾಳಿಗೆಗೆ ಬಿದಿರಿನ ಸೀಳು ಇಟ್ಟು ಮೇಲೆ ಮಣ್ಣು ಬಳಿದೆವು. ನೀರನ್ನು ಪೈಪಿನಿಂದ ನೇರ ಬಿಡದೆ, ಜಲ್ಲಿ ತುಂಬಿದ ಚೀಲದ ಒಳಗಿಂದ ಬಿಟ್ಟೆವು. ಆಗ ಅಲೆ ಏಳದೆ ನೀರು ಸುಮ್ನೆ ಏರುತ್ತದೆ.

ಸಣ್ಣ ಮನೆ ದೊಡ್ಡದಾಗಿ ಕಾಣಲು ಏನು ಮಾಡಿದಿರಿ?

ವೇಗ. ಹತ್ತು ಅಡಿಯಿಂದ ಬೀಳುವ ಹೆಂಟೆಗೆ ಸುಮಾರು 0.8 ಸೆಕೆಂಡ್ ಬೇಕು. ಎರಡೂವರೆ ಅಡಿಯಿಂದ ಬೀಳುವುದಕ್ಕೆ 0.4 ಸಾಕು. ಎತ್ತರ ನಾಲ್ಕನೇ ಒಂದಾದರೆ ಸಮಯ ಅರ್ಧವಾಗುತ್ತದೆ, ಅಂದರೆ ವರ್ಗಮೂಲದ ಲೆಕ್ಕ. ಹಾಗಾಗಿ ನಾವು ಸೆಕೆಂಡಿಗೆ 25ರ ಬದಲು 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ಓಡಿಸಿದೆವು. ಒಂಬತ್ತನೇ ಒಂದು ಭಾಗದ ಮಾದರಿಯಾದರೆ ಮೂರು ಪಟ್ಟು, 75 ಫ್ರೇಮ್ ಬೇಕು.

ಎರಡನೆಯದು ಫೋಕಸ್. ಹತ್ತಿರದಿಂದ ತೆಗೆದರೆ ಹಿಂದೆ ಮುಂದೆ ಮಸುಕಾಗುತ್ತದೆ, ಅದು ನೋಡಿದ ತಕ್ಷಣ ಆಟಿಕೆ ಅಂತ ಮನಸ್ಸು ಹೇಳಿಬಿಡುತ್ತದೆ. ಅದಕ್ಕೆ ಎಫ್16 ಇಟ್ಟೆವು. ಅಷ್ಟು ಸಣ್ಣ ರಂಧ್ರಕ್ಕೆ ಭಾರಿ ಬೆಳಕು ಬೇಕು. ನಮ್ಮ ಕಡೆ ಅದಕ್ಕೇನೂ ಬರವಿಲ್ಲ: ಎಫ್16, ಐಎಸ್ಒ 100, ಶಟರ್ 1/100, ಮೇಲೆ ಬಾಗಲಕೋಟೆಯ ಬಿಸಿಲು. ಸರಿಯಾಗಿ ಕೂತಿತು.

ನೀರಿನ ಹನಿ ಮಾತ್ರ ಮಾತು ಕೇಳುವುದಿಲ್ಲ. ಮಾದರಿ ಎಷ್ಟು ಸಣ್ಣದಾದರೂ ಹನಿ ಸಣ್ಣದಾಗುವುದಿಲ್ಲ. ಹಳೆಯ ಚಿತ್ರಗಳಲ್ಲಿ ಹಡಗು ಮುಳುಗುವಾಗ ಹನಿಗಳು ತೆಂಗಿನಕಾಯಿಯಷ್ಟು ದೊಡ್ಡದಾಗಿ ಕಂಡರೆ ಅದು ಮಾದರಿ ಅಂತ ತಿಳಿಯಿರಿ. ಹಿನ್ನೀರು ಸಿಡಿಯದೆ ನಿಧಾನ ಏರುವುದರಿಂದ ನಾವು ಉಳಿದುಕೊಂಡೆವು. ಪ್ರವಾಹದ ದೃಶ್ಯವಾಗಿದ್ದರೆ ನಾಲ್ಕನೇ ಒಂದು ಭಾಗದ ಮನೆ ಸಾಲುತ್ತಿರಲಿಲ್ಲ.

ಹಳೆಯ ಚಿತ್ರಗಳ ಮಾದರಿ, ಬೊಂಬೆಗಳು ಇವತ್ತಿಗೂ ನಂಬುವ ಹಾಗಿವೆ. ಆಮೇಲೆ ಬಂದ ಗ್ರಾಫಿಕ್ಸ್ ಯಾಕೆ ಹಳಸಿದ ಹಾಗೆ ಕಾಣುತ್ತೆ?

ರಾತ್ರಿ ಟಾರ್ಚ್ ಮೇಲೆ ಬೆರಳು ಇಟ್ಟು ನೋಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಬೆಳಕು ಚರ್ಮದ ಒಳಗೆ ಹೋಗಿ, ಅಡ್ಡಾಡಿ, ಬೇರೆ ಕಡೆಯಿಂದ ಹೊರಗೆ ಬರುತ್ತದೆ. ಇದನ್ನು ಸಿನಿಮಾಕ್ಕೆ ಆಗುವಷ್ಟು ಬೇಗ ಲೆಕ್ಕ ಹಾಕುವ ದಾರಿ ಸಿಕ್ಕಿದ್ದು 2001ರ ಸುಮಾರಿಗೆ. ಅದಕ್ಕೂ ಮುಂಚಿನ ಕಂಪ್ಯೂಟರ್ ಮುಖಗಳಲ್ಲಿ ಬೆಳಕು ಮೇಲೆಯೇ ಬಡಿದು ವಾಪಸ್ ಬರುತ್ತಿತ್ತು, ಪ್ಲಾಸ್ಟಿಕ್ ಡಬ್ಬಿಯ ಹಾಗೆ. ಆಗ ನಮಗೆ ಅದು ಗೊತ್ತಾಗಲಿಲ್ಲ. ಸರಿಯಾದದ್ದು ಬಂದ ಮೇಲೆ ಗೊತ್ತಾಯಿತು. ಡಿಜಿಟಲ್ ಚಿತ್ರ ಅಂದರೆ ಬೆಳಕು ಹೀಗೆ ನಡೆಯುತ್ತದೆ ಅಂತ ಆ ವರ್ಷದವರು ಮಾಡಿದ ಅಂದಾಜು. ಮುಂದಿನ ಅಂದಾಜು ಬಂದಾಗ ಹಿಂದಿನದು ಬಯಲಾಗುತ್ತದೆ. ಮಣ್ಣಿನ ಗೋಡೆಯ ಮೇಲೆ ಬಿದ್ದ ಬಿಸಿಲು ಅಂದಾಜಲ್ಲ. ಅದು ನಿಜವಾದ ಬಿಸಿಲೇ, ಅಜ್ಜಿಯನ್ನು ಹಿಡಿದ ಲೆನ್ಸೇ ಅದನ್ನೂ ಹಿಡಿದದ್ದು. ಮಾದರಿಯ ತಪ್ಪು ಬೇರೆ ಜಾತಿಯದು. ಗಾತ್ರ ತಪ್ಪಬಹುದು, ಚಲನೆ ತಪ್ಪಬಹುದು, ಬೆಳಕು ತಪ್ಪುವುದಿಲ್ಲ.

ಇನ್ನೊಂದು ಕಾರಣ ಮೂಲ ಪ್ರತಿಯದ್ದು. ಸ್ಟಾರ್ ಟ್ರೆಕ್‌ನ 1987ರ ಧಾರಾವಾಹಿಯನ್ನು 35 ಮಿಮೀ ಫಿಲ್ಮ್‌ನಲ್ಲಿ ತೆಗೆದರು, ಬಾಹ್ಯಾಕಾಶ ಹಡಗಿನ ಮಾದರಿಗಳನ್ನೂ ಫಿಲ್ಮ್‌ನಲ್ಲೇ. ಜೋಡಣೆ ಮಾತ್ರ ಆ ಕಾಲದ ವಿಡಿಯೋ ಟೇಪಿನಲ್ಲಿ. 2012ರಿಂದ ಅದನ್ನು ಹೈ ಡೆಫಿನಿಷನ್‌ನಲ್ಲಿ ಹೊರತಂದಾಗ ಫಿಲ್ಮ್ ಮತ್ತೆ ಸ್ಕ್ಯಾನ್ ಮಾಡಿ ಹೊಸದಾಗಿ ಜೋಡಿಸಿದರು. ಮಾದರಿ ಹಡಗುಗಳು ಹೊಸದರ ಹಾಗೆ ಬಂದವು. ವಿಡಿಯೋದಲ್ಲೇ ಹುಟ್ಟಿದ ಕಿರಣ, ಹೊಳಪುಗಳನ್ನು ಮತ್ತೆ ಮಾಡಬೇಕಾಯಿತು, ಅವಕ್ಕೆ ಮೂಲ ಅಂತ ಇರಲೇ ಇಲ್ಲ.

ಹಾಗಾದರೆ ಡಿಜಿಟಲ್ ಕೆಟ್ಟದ್ದು ಅಂತಲಾ?

ಅಲ್ಲ. ಕೆಟ್ಟ ಬೊಂಬೆ, ಕೆಟ್ಟ ಮಾದರಿಗಳೂ ರಾಶಿ ರಾಶಿ ಬಂದಿವೆ, ಅವುಗಳನ್ನು ನಾವು ಮರೆತಿದ್ದೇವೆ. ಒಳ್ಳೆಯವು ಮಾತ್ರ ನೆನಪಿನಲ್ಲಿವೆ. ಒಳ್ಳೆಯ ಡಿಜಿಟಲ್ ಕೆಲಸವಂತೂ ಕಣ್ಣಿಗೇ ಬೀಳುವುದಿಲ್ಲ.

1993ರ ಜುರಾಸಿಕ್ ಪಾರ್ಕ್ ಇವತ್ತಿಗೂ ನಿಂತಿದೆ. ಅದರಲ್ಲಿ ಡೈನೋಸಾರ್ ಕಾಣುವುದು ಸುಮಾರು ಕಾಲು ಗಂಟೆ. ಅದರಲ್ಲೂ ಹೆಚ್ಚಿನದು ನಿಜವಾದ ಯಂತ್ರದ ಬೊಂಬೆ. ದೊಡ್ಡ ಟಿ-ರೆಕ್ಸ್ ಬೊಂಬೆಯ ಫೋಮ್ ಚರ್ಮ ಮಳೆಯ ನೀರು ಕುಡಿದು ಭಾರವಾಗಿ ನಡುಗುತ್ತಿತ್ತು, ಟೇಕ್ ನಡುವೆ ಅದನ್ನು ಒಣಗಿಸುತ್ತಿದ್ದರು. ಆ ದೃಶ್ಯದ ಕಂಪ್ಯೂಟರ್ ಶಾಟ್‌ಗಳೂ ರಾತ್ರಿ, ಮಳೆಯಲ್ಲೇ ಇವೆ. ಕತ್ತಲು ಅಂದಾಜಿನ ತಪ್ಪನ್ನು ಮುಚ್ಚಿತು. ಪಕ್ಕದಲ್ಲೇ ನಿಜವಾದ ಒದ್ದೆ ಚರ್ಮ ಇದ್ದದ್ದರಿಂದ ಹೊಳಪು ಹೇಗಿರಬೇಕು ಅಂತ ಕಂಪ್ಯೂಟರ್‌ನವರು ನೋಡಿ ಕಲಿಯಬಹುದಿತ್ತು.

ನಮ್ಮ ಶಾಟ್‌ನಲ್ಲೂ ಡಿಜಿಟಲ್ ಇದೆ. ಜೋಡಣೆ ಇದೆ, ಬಳೆಯ ಮಾಸ್ಕ್ ಇದೆ, ತಾಡಪತ್ರಿಯ ಅಂಚು ಅಳಿಸಿದ್ದೇವೆ. ನಾನು ಇಟ್ಟುಕೊಂಡ ನಿಯಮ ಒಂದೇ: ಕಣ್ಣು ನೋಡುವ ವಸ್ತು ಕ್ಯಾಮೆರಾ ಮುಂದೆ ನಿಜವಾಗಿ ಇದ್ದಿರಬೇಕು. ಅಳಿಸುವುದು, ಜೋಡಿಸುವುದು ಕಂಪ್ಯೂಟರಿಗೆ.

ಎಷ್ಟು ಟೇಕ್ ಆಯಿತು?

ಮೂರು ಮನೆ ಕಟ್ಟಿದ್ದೆವು, ಒಂದು ಮನೆಗೆ ಒಂದೇ ಟೇಕ್. ಮೊದಲನೆಯದು ಸರಿಯಾಗಿ ಒಣಗಿರಲಿಲ್ಲ, ನೀರು ತಾಕುತ್ತಲೇ ನಾಲ್ಕೂ ಗೋಡೆ ಒಟ್ಟಿಗೆ ಕೂತವು. ಎರಡನೆಯದನ್ನು ಎಂಟು ದಿನ ಬಿಸಿಲಿಗೆ ಬಿಟ್ಟೆವು. ನೀರು ಹೊಸ್ತಿಲು ದಾಟಿತು, ಎಡಗೋಡೆಯ ಬುಡ ಕಪ್ಪಾಯಿತು, ಗುಳ್ಳೆ ಎದ್ದವು. ಬಹಳ ಹೊತ್ತು ಏನೂ ಆಗಲಿಲ್ಲ. ಕ್ಯಾಮೆರಾ ನಿಲ್ಲಿಸೋಣವಾ ಅಂತ ಗೆಳೆಯ ಕೇಳಿದ. ಅಷ್ಟರಲ್ಲಿ ಗೋಡೆ ಮೆಲ್ಲಗೆ ಒಳಗೆ ವಾಲಿತು, ಮಾಳಿಗೆಯ ಒಂದು ಮೂಲೆ ಅದರ ಜೊತೆ ಇಳಿಯಿತು. ಬಾಗಿಲು ಮಾತ್ರ ನಿಂತೇ ಇತ್ತು. ಅದು ನಾವು ಬರೆದದ್ದಲ್ಲ. ಚಿತ್ರದಲ್ಲಿರುವುದು ಅದೇ ಟೇಕ್, ಮೂರನೆಯ ಮನೆ ಈಗಲೂ ಹೊಲದ ಬದಿಯಲ್ಲಿದೆ.